60 ಮೆಟ್ಟುಕತ್ತಿ, ಏಳು ಕಂತು, ಮತ್ತು ನನ್ನ ಮೊಂಡುತನ

ಇವತ್ತು ಬೆಳಿಗ್ಗೆ ಏಳನೇ ಕಂತು ಬಂತು. ಡೊಂಬಿವಲಿಯ ಈ ಮಳೆಯಲ್ಲಿ ಕೊರಿಯರ್ ಹುಡುಗ ಮೂರು ಮಹಡಿ ಹತ್ತಿ, ಒದ್ದೆಯಾದ ಒಂದು ಕಾರ್ಟನ್ ಬಾಗಿಲಲ್ಲಿ ಇಟ್ಟ. ಒಳಗೆ ಮೂರೇ ಮೂರು ಮೆಟ್ಟುಕತ್ತಿ. ಮೊದಲ ಕಂತಿನಲ್ಲಿ 22 ಬಂದಿತ್ತು, ಮತ್ತೊಂದರಲ್ಲಿ ಒಂದೇ ಒಂದು. ವಾಚ್‌ಮನ್ ಅಂತೂ "ತಾಯಿ, ರೋಜ್ ಕಾಯ್ ಮಾಗವ್ತಾ?" ಅಂತ ಕೇಳಿಯೇಬಿಟ್ಟ. ನಾನು ತರಿಸಿದ್ದಲ್ಲಪ್ಪಾ, ಮಾರಲಿಕ್ಕೆ ಗೋದಾಮಿಗೆ ಕಳಿಸಿದ್ದೇ ವಾಪಸ್ ಬರ್ತಾ ಉಂಟು.

ಗೊತ್ತಿರುವವರಿಗೆ ಗೊತ್ತು: ಊರಿನಿಂದ ತರಿಸಿದ ಮಡಚುವ ಮೆಟ್ಟುಕತ್ತಿ, ತುದಿಯಲ್ಲಿ ಕಾಯಿ ಹೆರೆಯುವ ಹಲ್ಲು ಇರುವುದು, ಅದನ್ನು ನಾನು ಆನ್‌ಲೈನಿನಲ್ಲಿ ಮಾರುತ್ತೇನೆ. ಇಲ್ಲಿಯ ಮರಾಠಿ ಮನೆಗಳಲ್ಲಿ ಅದು ವಿಳಿ, ಮೈಸೂರಿನವರಿಗೆ ಈಳಿಗೆಮಣೆ. ಹೋದ ಸೆಪ್ಟೆಂಬರಿನಲ್ಲಿ ಮಾರ್ಕೆಟ್‌ಪ್ಲೇಸಿನ ಸೆಲ್ಲರ್ ಪ್ಯಾನೆಲ್ ದಿನಾ ಕೆಂಪು ಅಕ್ಷರದಲ್ಲಿ ಕಿರುಚುತ್ತಿತ್ತು: ಹಬ್ಬದ ಸೇಲ್ ಬರ್ತಾ ಉಂಟು, ನಿಮ್ಮ ಸ್ಟಾಕ್ ಸಾಲದು, 200 ಕಳಿಸಿ. ನಾನು ಕಳಿಸಿದೆ. ಭಿವಂಡಿಯ ಗೋದಾಮಿನಲ್ಲಿ ಅವರು ಮಾಲು ಎಣಿಸಿ ಒಳಗೆ ತೆಗೆದುಕೊಂಡ ದಿನದಿಂದ ನನ್ನ ಮೆಟ್ಟುಕತ್ತಿಗಳಿಗೆ ವಯಸ್ಸಾಗಲು ಶುರುವಾಯಿತು.

ಹೌದು, ವಯಸ್ಸು. ಪ್ಯಾನೆಲಿನಲ್ಲಿ ಅದಕ್ಕೊಂದು ಕಾಲಂ ಉಂಟು: 0–90, 91–180, 181–270, ಹೀಗೆ ದಿನಗಳ ಲೆಕ್ಕ. ಮದುವೆಯಾಗದ ಹುಡುಗಿಯ ವಯಸ್ಸನ್ನು ನಮ್ಮ ದೊಡ್ಡತ್ತೆ ಸಹ ಇಷ್ಟು ಕರಾರುವಾಕ್ಕಾಗಿ ಲೆಕ್ಕ ಇಡುತ್ತಿರಲಿಲ್ಲ.

ದೀಪಾವಳಿಯವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ನಿಧಾನವಾಗಿ ಇಳಿದು ತಿಂಗಳಿಗೆ 10ಕ್ಕೆ ಬಂದು ನಿಂತಿತು. ಫೆಬ್ರವರಿ ಮೊದಲ ವಾರ, ಅಂದರೆ ಮಾಲಿಗೆ 150 ದಿನ ಆದಾಗ, ಒಳಗೆ 120 ಉಳಿದಿತ್ತು. ನಾನು ಸಿಟ್ಟು ಮಾಡಿಕೊಂಡಿರುವುದು ಆ ವಾರದ ಬಗ್ಗೆ, ಮತ್ತು ಅರ್ಧ ಸಿಟ್ಟು ನನ್ನ ಮೇಲೆಯೇ.

ಗೋದಾಮಿನಲ್ಲಿ ಮಾಲು ಇಟ್ಟದ್ದಕ್ಕೆ ಅವರು ಹಾಕುವ ಬಾಡಿಗೆ ಘನ ಅಡಿಯ ಲೆಕ್ಕ. ನನ್ನ ಬಾಕ್ಸ್ 48, 22, 16 ಸೆಂಟಿಮೀಟರ್. ಗುಣಿಸಿ, ಒಂದು ಘನ ಅಡಿಯಲ್ಲಿರುವ 28,317 ಘನ ಸೆಂಟಿಮೀಟರಿನಿಂದ ಭಾಗಿಸಿದರೆ ಹತ್ತಿರಹತ್ತಿರ 0.6 ಘನ ಅಡಿ. ನನ್ನ ರೇಟ್ ಕಾರ್ಡಿನಲ್ಲಿ ಘನ ಅಡಿಗೆ ತಿಂಗಳಿಗೆ 45 ರೂಪಾಯಿ, ಅಂದರೆ ಒಂದು ಮೆಟ್ಟುಕತ್ತಿಗೆ ತಿಂಗಳಿಗೆ 27. ಇದು ಬರೀ ಬಾಡಿಗೆ. 180 ದಿನ ದಾಟಿದರೆ ವಯಸ್ಸಿನ ಸರ್‌ಚಾರ್ಜ್ ಇನ್ನೊಂದು 27, ಒಟ್ಟು 54. 270 ದಾಟಿದರೆ ಸರ್‌ಚಾರ್ಜ್ ಎರಡು ಪಟ್ಟು, ಒಟ್ಟು 81. ವರ್ಷ ದಾಟಿದರೆ ಇನ್ನೂ ಏರುತ್ತದೆ, ಅದನ್ನು ಬಿಟ್ಟೇ ಲೆಕ್ಕ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಬಿಪಿ ಏರುತ್ತದೆ. ಮೇಲಿನ ಜಿಎಸ್‌ಟಿ ಕ್ರೆಡಿಟ್‌ನಲ್ಲಿ ವಾಪಸ್ ಸಿಗುವುದರಿಂದ ಅದನ್ನೂ ಸೇರಿಸಿಲ್ಲ.

ಒಂದು ಪೀಸ್ ಮಾರಾಟವಾದರೆ ಕಮಿಷನ್, ಪ್ಯಾಕಿಂಗ್, ಶಿಪ್ಪಿಂಗ್ ಎಲ್ಲ ಕಳೆದು ಕೈಗೆ ಬರುವುದು 480. ಅದನ್ನೇ ಗೋದಾಮಿನಿಂದ ಹೊರಗೆ ತೆಗೆಸಿ ಮಾಟುಂಗದ ಅಂಗಡಿಗೆ ಕೊಟ್ಟರೆ 350. ಅದರಲ್ಲಿ ರಿಮೂವಲ್ ಫೀ 45, ಮುರಿದದ್ದು-ಟೆಂಪೋ ಅಂತ 20 ಹೋಗಿ 285 ಉಳಿಯುತ್ತದೆ. 480ಕ್ಕೂ 285ಕ್ಕೂ ನಡುವೆ ಇರುವುದು 195. ಅಂದರೆ ಒಂದು ಮೆಟ್ಟುಕತ್ತಿ ಒಳಗೆ ಕೂತು 195 ರೂಪಾಯಿ ತಿನ್ನುವವರೆಗೆ ಕೂರಲಿ. ಅದಕ್ಕಿಂತ ಹೆಚ್ಚು ತಿನ್ನುವುದಾದರೆ ಅದು ಇವತ್ತೇ ಮನೆಗೆ ಬರಬೇಕು.

ಈಗ ಫೆಬ್ರವರಿಯ ಆ 120 ಪೀಸನ್ನು ಸಾಲಿನಲ್ಲಿ ನಿಲ್ಲಿಸಿ ನೋಡಿ. ಮೊದಲ ತಿಂಗಳು ಹೋಗುವ 10 ಪೀಸ್ ತಲಾ 27 ತಿಂದು ಹೋಗುತ್ತವೆ. ಎರಡನೇ ತಿಂಗಳಿಗೆ 180 ದಿನ ದಾಟಿರುತ್ತದೆ, ಆ ತಿಂಗಳಿನವು 27ಕ್ಕೆ 54 ಸೇರಿ 81, ಮೂರನೆಯದು 135, ನಾಲ್ಕನೆಯದು 189. ಐದನೇ ತಿಂಗಳಿಗೆ 270 ದಿನವೂ ದಾಟಿರುತ್ತದೆ, 189ಕ್ಕೆ 81 ಸೇರಿ 270 ರೂಪಾಯಿ. ಅಲ್ಲಿಗೆ 195ರ ಗೆರೆ ದಾಟಿತು. ಆದ್ದರಿಂದ ನಾಲ್ಕು ತಿಂಗಳ ಮಾಲು, 40 ಪೀಸ್, ಒಳಗಿರಲಿ, 80 ಹೊರಗೆ. ಸಾಲಿನ ಕಟ್ಟಕಡೆಯ ಮೆಟ್ಟುಕತ್ತಿ ಹನ್ನೆರಡು ತಿಂಗಳು ಕಾದು ತಿನ್ನುವುದು 837, ದುಡಿದು ಕೊಡುವುದು 480. ಮಗನನ್ನು ಇಂಜಿನಿಯರಿಂಗಿಗೆ ಕಳಿಸಿದ ಹಾಗೆ.

ಎಲ್ಲವನ್ನೂ ಅಲ್ಲೇ ಬಿಟ್ಟಿದ್ದರೆ? ಪೂರ್ತಿ ಮಾಲು ಖಾಲಿಯಾಗಿ ಕೈಗೆ ಬರುವುದು 57,600, ಫೀ 48,600, ಉಳಿಯುವುದು 9,000. ನಲವತ್ತು ಇಟ್ಟು ಎಂಬತ್ತು ತೆಗೆಸಿದ್ದರೆ ಉಳಿಯುತ್ತಿದ್ದದ್ದು 37,680. ಕೂರಿಸಿ ಮೋಸ ಮಾಡುವುದು ಆ 9,000. ಪ್ಯಾನೆಲಿನಲ್ಲಿ ಹಸಿರು ಬಣ್ಣದಲ್ಲೇ ಇರುತ್ತದೆ. ನಷ್ಟ ಇಲ್ಲವಲ್ಲ ಅಂತ ನಾವು ಆರಾಮವಾಗಿ ಚಹಾ ಕುಡಿಯುತ್ತೇವೆ. ಮೊದಲ 40 ಪೀಸ್ ದುಡಿದದ್ದನ್ನು ಹಿಂದಿನ 80 ಕೂತು ತಿನ್ನುತ್ತಿವೆ ಅಂತ ಯಾವ ಕಾಲಂ ಸಹ ಹೇಳುವುದಿಲ್ಲ.

ಇಷ್ಟೆಲ್ಲ ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಮಗಳ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ, ಈಗಲೂ ಉಂಟು. ಆದರೂ ತೆಗೆಸಲಿಲ್ಲ. ಯಾಕೆ ಗೊತ್ತಾ? ನನಗೆ ಒಂದು ಪೀಸ್ ಬಿದ್ದದ್ದು 300. ತೆಗೆಸಿದರೆ ಸಿಗುವುದು 285. ಹದಿನೈದು ರೂಪಾಯಿ ನಷ್ಟಕ್ಕೆ ಮಾರುವುದು ಅಂದರೆ ಹೊಟ್ಟೆ ಉರಿಯಿತು. ಕೊಂಡ ಬೆಲೆ ಈ ಲೆಕ್ಕಕ್ಕೆ ಬರುವುದೇ ಇಲ್ಲ, ಆ ದುಡ್ಡು ಅವತ್ತೇ ಹೋಗಿ ಆಗಿದೆ, ಇಟ್ಟರೂ ತೆಗೆಸಿದರೂ ಅದು ಬದಲಾಗುವುದಿಲ್ಲ. ಬೇರೆಯವರಿಗೆ ಇದನ್ನು ಎಷ್ಟು ಚೆಂದ ಹೇಳುತ್ತಿದ್ದೆ ನಾನು!

ನಾಲ್ಕು ತಿಂಗಳು ಸುಮ್ಮನಿದ್ದೆ. ಹೊರಗೆ ಬರಬೇಕಿದ್ದ ಆ 80 ಪೀಸ್ ತಲಾ 189 ತಿಂದವು. 15,120 ರೂಪಾಯಿ. ಇವರಿಗೆ ಇನ್ನೂ ಹೇಳಿಲ್ಲ. ಫೇಸ್‌ಬುಕ್ ನೋಡುವುದಿಲ್ಲ ಅವರು, ನೀವು ಯಾರೂ ಹೇಳಬೇಡಿ.

ವಾಶಿಯ ನಮ್ಮ ಭಾವ, ಅವರೂ ಆನ್‌ಲೈನ್ ಸೆಲ್ಲರೇ, ಹೇಳುತ್ತಲೇ ಇದ್ದರು, "ಮಾಲು ತೆಗೀಬೇಡ ಮಾರಾಯ್ತಿ, ಲಿಸ್ಟಿಂಗ್ ರ‍್ಯಾಂಕ್ ಬೀಳ್ತದೆ." ಸ್ಟಾಕ್ ಪೂರಾ ಖಾಲಿಯಾದರೆ ಹುಡುಕುವವರಿಗೆ ನಮ್ಮ ಮಾಲು ಕೆಳಗೆಲ್ಲೋ ಕಾಣುವಂತಾಗಿ ಲಿಸ್ಟಿಂಗಿಗೆ ಪೆಟ್ಟು ಬೀಳುವುದು ನಿಜ, ಒಪ್ಪುತ್ತೇನೆ. ಆದರೆ 40 ಇಟ್ಟುಕೊಂಡವಳಿಗೆ ಎಲ್ಲಿ ಖಾಲಿ? ಭಿವಂಡಿಯ ರ‍್ಯಾಕಿನಲ್ಲಿ ಹಿಂದೆ ಇನ್ನೂ 80 ಧೂಳು ಹಿಡಿದು ಕೂತಿವೆ ಅಂತ ಘಾಟ್ಕೋಪರಿನಲ್ಲಿ ವಿಳಿ ಹುಡುಕುವ ಹೆಂಗಸಿಗೆ ಕಾಣುತ್ತದಾ? ಭಾವನ ಇನ್ನೊಂದು ಸಲಹೆ, ಬೆಲೆ ಇಳಿಸು. 100 ಇಳಿಸಿ ಮೂರು ವಾರ ನೋಡಿದೆ. ತಿಂಗಳಿಗೆ 10 ಹೋಗುವಲ್ಲಿ 12ರ ಲೆಕ್ಕಕ್ಕೆ ಹೋಯಿತು. ಪೀಸಿಗೆ 80 ರೂಪಾಯಿಯಷ್ಟು ಬಿಟ್ಟುಕೊಟ್ಟು ಎರಡು ಪೀಸ್ ಜಾಸ್ತಿ, ಕೂಡಲೇ ಮೊದಲಿನ ಬೆಲೆಗೇ ತಂದೆ. ಮೆಟ್ಟುಕತ್ತಿ ಬೇಕಾದವರು ತಗೊಳ್ಳುತ್ತಾರೆ, ಬೇಡದವರಿಗೆ ಪುಕ್ಕಟೆ ಕೊಟ್ಟರೂ ಬೇಡ. ಸೀರೆ ಅಲ್ಲವಲ್ಲ ಅದು.

ಜೂನ್ ಮೊದಲ ವಾರ, 270 ದಿನ ತುಂಬುವ ಹೊತ್ತಿಗೆ, ಮತ್ತೆ ಪುಸ್ತಕ ತೆಗೆದೆ. ಹೋದ 15 ಸಾವಿರವನ್ನೂ ಈ ಸಲ ಲೆಕ್ಕಕ್ಕೆ ಸೇರಿಸಲಿಲ್ಲ, ಅದೂ ಹೋಯಿತಲ್ಲ. ಉಳಿದದ್ದು 80. ಇನ್ನು ತಿಂಗಳಿಗೆ 81ರಂತೆ: ಒಂದು ತಿಂಗಳಿಗೆ 81, ಎರಡಕ್ಕೆ 162, ಮೂರಕ್ಕೆ 243. 195ರ ಒಳಗೆ ಎರಡೇ ತಿಂಗಳು. 20 ಇಟ್ಟು 60ಕ್ಕೆ ರಿಮೂವಲ್ ಆರ್ಡರ್ ಹಾಕಿದೆ.

ಆರ್ಡರ್ ಹಾಕುವಾಗ ಎರಡು ಆಯ್ಕೆ ಕೊಡುತ್ತಾರೆ, ವಾಪಸ್ ಕಳಿಸಬೇಕಾ, ಅಲ್ಲೇ ನಾಶ ಮಾಡಬೇಕಾ ಅಂತ. ನಾಶ ಮಾಡುವುದು ಅಗ್ಗ, ಒಂದು ಕ್ಲಿಕ್ಕು, ಮಳೆಯಲ್ಲಿ ಕಾರ್ಟನ್ ಹೊರುವುದು ಬೇಡ. ಒಂದು ನಿಮಿಷ ಮನಸ್ಸು ಅತ್ತ ವಾಲಿದ್ದೂ ಹೌದು. ಸಿಎಗೆ ಫೋನ್ ಮಾಡಿದೆ. "ಅಕ್ಕಾ, ನಾಶ ಮಾಡಿದ ಮಾಲಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್), ತಗೊಂಡದ್ದನ್ನು ವಾಪಸ್ ಕಟ್ಟಬೇಕು" ಅಂದ. ಅಂದರೆ ಮಾಲೂ ಹೋಯಿತು, ಕೊಂಡಾಗ ಕಟ್ಟಿದ ಜಿಎಸ್‌ಟಿಯೂ ಹೋಯಿತು. ಪ್ಯಾನೆಲಿನ ಆ ಅಗ್ಗದ ಬಟನ್ ಪಕ್ಕ ಇದನ್ನು ಬರೆದಿರುತ್ತಾರಾ? ಯಾಕೆ ಬರೆಯುತ್ತಾರೆ, ಅವರ ರ‍್ಯಾಕ್ ಖಾಲಿಯಾದರೆ ಸಾಕು.

ವಯಸ್ಸಿನ ಸರ್‌ಚಾರ್ಜಿಗೆ ತಿಂಗಳಲ್ಲಿ ಒಂದು ದಿನ ಎಣಿಕೆ. ನನ್ನ ಕಾರ್ಡಿನ ಪ್ರಕಾರ ಆ ದಿನದ ಮೊದಲು ರಿಮೂವಲ್ ಆರ್ಡರ್ ಹಾಕಿದ ಪೀಸು ಎಣಿಕೆಗೆ ಬರುವುದಿಲ್ಲ, ಆದರೆ ಗೋದಾಮಿನಿಂದ ಹೊರಬೀಳುವವರೆಗೆ ಸಾದಾ ಬಾಡಿಗೆ ಓಡುತ್ತಲೇ ಇರುತ್ತದೆ. ಎಣಿಕೆಯ ಮರುದಿನ ಜ್ಞಾನೋದಯವಾದರೆ ಒಂದು ತಿಂಗಳು ದಂಡ. ಈ ತಾರೀಕನ್ನು ಹುಡುಕಲು ನನಗೆ ಅರ್ಧ ಗಂಟೆ ಬೇಕಾಯಿತು, "200 ಕಳಿಸಿ" ಅನ್ನುವುದು ಮಾತ್ರ ಮುಖಪುಟದಲ್ಲೇ ಇತ್ತು.

ಮೂರು ವಾರ, ಏಳು ಕಂತು, 60 ಪೀಸ್. ಅದರಲ್ಲಿ 5 ಮಾರುವ ಹಾಗಿಲ್ಲ. ನಾಲ್ಕರ ಬಾಕ್ಸ್ ಒಡೆದು ಮರದ ಕಾಲು ಸೀಳಿದೆ. ಐದನೆಯದನ್ನು ಇವತ್ತು ಬಿಚ್ಚಿದೆ ನೋಡಿ, ಹಲ್ಲಿನ ಸಂದಿಯಲ್ಲಿ ಒಣಗಿ ಕಂದಾದ ಕಾಯಿತುರಿ! ಯಾರೋ ಪುಣ್ಯಾತ್ಗಿತ್ತಿ ಕಾಯಿ ಹೆರೆದು, ಒಗ್ಗರಣೆ ಹಾಕಿ, ಉಂಡು, ಆಮೇಲೆ "ಇಷ್ಟವಾಗಲಿಲ್ಲ" ಅಂತ ರಿಟರ್ನ್ ಮಾಡಿದ್ದಾಳೆ. ಗೋದಾಮಿನವರು ಅದನ್ನು ಒಳ್ಳೆ ಮಾಲು ಅಂತಲೇ ರ‍್ಯಾಕಿಗೆ ಏರಿಸಿದ್ದಾರೆ. ಹಾಗಾದರೆ ಆ ಎಂಜಲು ಕಾಯಿತುರಿಗೂ ತಿಂಗಳಾನುಗಟ್ಟಲೆ ಬಾಡಿಗೆ ಕಟ್ಟಿದವಳು ನಾನು. ಫೋಟೋ ತೆಗೆದು ಕ್ಲೇಮ್ ಹಾಕಿದ್ದೇನೆ.

ಉಳಿದ 55 ನಾಳೆ ಮಳೆ ಬಿಟ್ಟರೆ ಮಾಟುಂಗಕ್ಕೆ. ಹಾಲ್‌ನಲ್ಲಿ ಬಾಕ್ಸ್ ಜೋಡಿಸುವಾಗ ಮಗಳು ಒಂದನ್ನು ಮಡಚಿ ನೆಲದ ಮೇಲಿಟ್ಟು, "ಅಮ್ಮ, ಇದು ಇಷ್ಟೇ ಎತ್ತರ ಇರೋದು, ಬಾಕ್ಸ್ ಯಾಕೆ ಅಷ್ಟು ದೊಡ್ಡದು?" ಅಂದಳು. ಟೇಪ್ ಹಿಡಿದೆ. ಮಡಚಿದರೆ 8 ಸೆಂಟಿಮೀಟರ್. 16ರ ಬಾಕ್ಸಿನ ಬದಲು 10ರದ್ದು ಸಾಕಿತ್ತು, ಬಾಡಿಗೆ 27ರ ಜಾಗದಲ್ಲಿ 17 ಆಗುತ್ತಿತ್ತು. ಒಂಬತ್ತು ತಿಂಗಳು ಭಿವಂಡಿಯಲ್ಲಿ ಗಾಳಿ ಇಟ್ಟು ಬಾಡಿಗೆ ಕಟ್ಟಿದ್ದೇನೆ.

ಇದನ್ನು ಟೈಪ್ ಮಾಡುತ್ತಿರುವಾಗಲೇ ಪ್ಯಾನೆಲಿನಿಂದ ಮೆಸೇಜ್ ಬಂತು, ಗಣೇಶ ಚತುರ್ಥಿ ಬರ್ತಾ ಉಂಟು, 150 ಕಳಿಸಿ ಅಂತ. 30 ಕಳಿಸುತ್ತೇನೆ, 10 ಸೆಂಟಿಮೀಟರಿನ ಬಾಕ್ಸಿನಲ್ಲಿ.