ಪರ-ವಿರೋಧ: ಅನ್ನಾ ಮತ್ತು ವ್ರಾನ್ಸ್ಕಿ ಕನ್ನಡದಲ್ಲಿ ಹೇಗೆ ಮಾತಾಡಬೇಕು?

ಬೇರೆ ಭಾಷೆಯ ಕಾದಂಬರಿಯ ಪ್ರೇಮದ ಸನ್ನಿವೇಶ ಅನುವಾದ ಮಾಡುವಾಗ ಅದನ್ನ ಕನ್ನಡಕ್ಕೆ ಒಗ್ಗಿಸಬೇಕಾ, ಇಲ್ಲ ಹೊರಗಿನದು ಅನ್ನೋ ರುಚಿ ಹಾಗೇ ಉಳಿಸಬೇಕಾ? ಟಾಲ್‌ಸ್ಟಾಯ್ ಅವರ ರಷ್ಯನ್ ಕಾದಂಬರಿ 'ಅನ್ನಾ ಕರೆನಿನಾ', ಅಂದ್ರೆ ಮದುವೆಯಾದ ಅನ್ನಾ ಮತ್ತು ಅವಳ ಪ್ರೇಮಿ ವ್ರಾನ್ಸ್ಕಿಯ ಕಥೆ, ಮುಂದಿಟ್ಟುಕೊಂಡು ಇಬ್ಬರು ಬರೆದಿದ್ದು.

ಪರ: ಒಗ್ಗಿಸಲೇಬೇಕು

ಒಗ್ಗಿಸೋದು ಅಂದ ಕೂಡಲೇ ಅನ್ನಾಗೆ ಸೀರೆ ಉಡಿಸ್ತೀರಾ ಅಂತ ಕೇಳ್ತಾರೆ. ಪೀಟರ್ಸ್‌ಬರ್ಗ್ ಪೀಟರ್ಸ್‌ಬರ್ಗೇ ಆಗಿರಲಿ, ಸಮೋವಾರ್ ಇರಲಿ, ಕುದುರೆ ರೇಸ್ ಇರಲಿ, ನಾನು ಅದ್ಯಾವುದನ್ನೂ ಮುಟ್ಟಲ್ಲ. ನಾನು ಹೇಳ್ತಿರೋದು ಪ್ರೇಮಿಗಳ ಬಾಯಿಂದ ಬರೋ ಮಾತಿನ ಬಗ್ಗೆ ಮಾತ್ರ, ಯಾಕಂದ್ರೆ ಪ್ರೇಮದ ಸನ್ನಿವೇಶದಲ್ಲಿ ಓದುಗರು ಒಂದೇ ಒಂದು ಕಡೆ ಎಡವಿದ್ರೂ ಮತ್ತೆ ಆ ಬಿಸಿ ವಾಪಸ್ ಬರಲ್ಲ.

ನಾಲ್ಕನೇ ಭಾಗದಲ್ಲಿ, ಕಾದಂಬರಿಯ ಇನ್ನೊಂದು ಜೋಡಿಯ ಲೆವಿನ್, ಮೊದಲ ಸಲ ತನ್ನನ್ನ ಬೇಡ ಅಂದಿದ್ದ ಕಿಟಿಗೆ ಎರಡನೇ ಸಲ ಮನಸ್ಸು ಬಿಚ್ಚಿಡೋ ಜಾಗ ನೋಡಿ. ಇಸ್ಪೀಟ್ ಆಡೋ ಮೇಜಿಗೆ ಹೊಸ ಹಸಿರು ಬಟ್ಟೆ ಹಾಸಿದೆ, ಕಿಟಿ ಸೀಮೆಸುಣ್ಣದಲ್ಲಿ ಸುಮ್ಮನೆ ಅದರ ಮೇಲೆ ಗೀಚ್ತಾ ಕೂತಿದಾಳೆ. ಲೆವಿನ್ ಆ ಸೀಮೆಸುಣ್ಣ ತಗೊಂಡು ಒಂದು ಇಡೀ ಪ್ರಶ್ನೆಯನ್ನ ಬರೀ ಮೊದಲಕ್ಷರಗಳಲ್ಲಿ ಬರೀತಾನೆ, ರಷ್ಯನ್ನಲ್ಲಿ 14 ಅಕ್ಷರ. ಅವಳು ಹುಬ್ಬು ಗಂಟಿಕ್ಕಿ, ಹಣೆಗೆ ಕೈ ಕೊಟ್ಟು ಓದಿ, ಕೆಂಪಾಗಿ, 'ಗೊತ್ತಾಯ್ತು' ಅಂತಾಳೆ. ಇಲ್ಲಿ ರಷ್ಯನ್ ಅಕ್ಷರಗಳನ್ನೇ ಉಳಿಸಿ ಕೆಳಗೆ ಟಿಪ್ಪಣಿ ಕೊಟ್ಟರೆ ಏನಾಗುತ್ತೆ? ಕಿಟಿಗೆ ಗೊತ್ತಾಗುತ್ತೆ, ನಮಗೆ ಗೊತ್ತಾಗಲ್ಲ. ಅವಳ ಜೊತೆ ನಾವೂ ಊಹಿಸಬೇಕು, ಅದಕ್ಕೇ ಇರೋದು ಆ ಸನ್ನಿವೇಶ. ಹಾಗಾಗಿ ಕನ್ನಡದಲ್ಲಿ ಹೊಸದಾಗಿ ಕಟ್ಟಬೇಕು: 'ನೀವು ಅವತ್ತು ಅದು ಆಗಲ್ಲ ಅಂದ್ರಲ್ಲ, ಯಾವತ್ತೂ ಆಗಲ್ಲ ಅಂತಲಾ, ಅವತ್ತಿಗೆ ಮಾತ್ರನಾ?' ಮೇಜಿನ ಮೇಲೆ ಬರೋದು ನೀ, ಅ, ಅ, ಆ, ಅಂ, ಯಾ, ಆ, ಅಂ, ಅ, ಮಾ. ನಮ್ಮ ಲಿಪೀಲಿ ಸ್ವರವೂ ಸೇರಿಕೊಳ್ಳೋದ್ರಿಂದ ಊಹೆ ಸ್ವಲ್ಪ ಸಲೀಸು ನಿಜ, ಆದರೆ ಶುರುವಿನ ಆ 'ನೀ' ನೋಡಿ, ಅದು ನೀವು ಆಗಬಹುದು ನೀನು ಕೂಡ ಆಗಬಹುದು! ರಷ್ಯನ್ನಿನ ಅಕ್ಷರ ಬಹುವಚನವನ್ನೇ ಹೇಳುತ್ತೆ, ಕನ್ನಡದ್ದು ಬಾಗಿಲು ಅರ್ಧ ತೆಗೆದಿಡುತ್ತೆ. ಅಷ್ಟು ಹೊತ್ತೂ ಬಹುವಚನದಲ್ಲೇ ಇದ್ದ ಇಬ್ಬರಿಗೆ ಇದಕ್ಕಿಂತ ಚೆನ್ನಾಗಿ ಹೊಂದೋದು ನನಗೆ ಕಾಣಲ್ಲ.

ಎರಡನೇದು ಅನ್ನಾ ಮನೆಯ ಜಗಲಿ, ಪೀಟರ್‌ಹಾಫ್‌ನಲ್ಲಿ, ರೇಸಿನ ದಿನ. ಬಿಳಿ ಉಡುಪು ಹಾಕ್ಕೊಂಡು, ಗಿಡಕ್ಕೆ ನೀರು ಹಾಕೋ ತಣ್ಣಗಿನ ಕ್ಯಾನಿಗೆ ಹಣೆ ಒತ್ತಿಕೊಂಡು ಅವಳು ಕೂತಿರ್ತಾಳೆ, ವ್ರಾನ್ಸ್ಕಿ ಬಂದು ಫ್ರೆಂಚಲ್ಲಿ ಮಾತಾಡ್ತಾನೆ. ಯಾಕೆ ಫ್ರೆಂಚು ಅಂತ ಟಾಲ್‌ಸ್ಟಾಯ್ ಅವರೇ ಹೇಳ್ತಾರೆ, ರಷ್ಯನ್ನಲ್ಲಿ 'ನೀವು' ಅಂದ್ರೆ ಅವರಿಬ್ಬರ ಮಧ್ಯೆ ಸಹಿಸೋಕಾಗದಷ್ಟು ತಣ್ಣಗೆ, 'ನೀನು' ಅಂದ್ರೆ ಅಪಾಯ. ಇದು ಕನ್ನಡದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಏಕವಚನವೋ ಬಹುವಚನವೋ ಅಂತ ತೀರ್ಮಾನ ಆಗದೇ ಇದ್ದಾಗ ನಾವು ಏನ್ ಮಾಡ್ತೀವಿ, ಎರಡೂ ಬರದ ಹಾಗೆ ಮಾತು ತಿರುಗಿಸ್ತೀವಿ. 'ಏನಾಯ್ತು? ಹುಷಾರಿಲ್ವಾ?' 'ಬಂದಿದ್ದಕ್ಕೆ ಕ್ಷಮೆ ಇರಲಿ, ನೋಡದೇ ಇವತ್ತಿನ ದಿನ ಕಳೆಯೋಕೆ ಆಗ್ಲಿಲ್ಲ.' ಇದರಲ್ಲಿ ನೀನೂ ಇಲ್ಲ ನೀವೂ ಇಲ್ಲ, ಕ್ರಿಯಾಪದದ ಬಾಲದಲ್ಲೂ ಗುಟ್ಟು ಬಿಟ್ಟುಕೊಡಲ್ಲ. ಫ್ರೆಂಚ್ ಮಾಡೋ ಕೆಲಸವನ್ನ ಕನ್ನಡವೇ ಮಾಡ್ತಿದೆ, ಓದುಗರ ಕಿವಿಗೆ ನೇರ ಬೀಳುತ್ತೆ. ಫ್ರೆಂಚ್ ಬರದೇ ಇರೋ ಓದುಗರಿಗೆ 'ಫ್ರೆಂಚಿನಲ್ಲಿ ಹೇಳಿದ' ಅಂದ್ರೆ ಅದೊಂದು ಮಾಹಿತಿ ಅಷ್ಟೇ, ಎದೆಗೆ ಏನೂ ತಾಗಲ್ಲ.

ವಿರೋಧ: ಫ್ರೆಂಚ್ ಫ್ರೆಂಚಾಗೇ ಇರಲಿ

ಸೀಮೆಸುಣ್ಣದ ಜಾಗದಲ್ಲಿ ನನ್ನ ತಕರಾರಿಲ್ಲ, ಅಲ್ಲಿ ಬೇರೆ ದಾರಿಯೇ ಇಲ್ಲ. ಜಗಲಿಯ ವಿಷಯ ಮಾತ್ರ ನಾನು ಒಪ್ಪಲ್ಲ, ಯಾಕಂದ್ರೆ ಮೇಲೆ ಕೊಟ್ಟಿರೋ ಆ ಚಂದದ ಮಾತು ಕೇಳಿದ್ರೆ ವ್ರಾನ್ಸ್ಕಿ ಬೇರೆ ಮನುಷ್ಯನೇ ಆಗಿಬಿಡ್ತಾನೆ. ನೀನು-ನೀವು ಎರಡನ್ನೂ ತಪ್ಪಿಸಿ ಮಾತಾಡೋದು ನಮ್ಮಲ್ಲಿ ಯಾವಾಗ? ಸಂಬಂಧ ಇನ್ನೂ ಗಟ್ಟಿಯಾಗದೇ ಇರುವಾಗ, ಹೊಸ ಅಳಿಯ, ಹೊಸ ಸಹೋದ್ಯೋಗಿ, ಮೊದಮೊದಲ ಸಂಕೋಚ. ವ್ರಾನ್ಸ್ಕಿಗೆ ಅವಳು ತನಗೇನು ಅನ್ನೋದರಲ್ಲಿ ಯಾವ ಅನುಮಾನವೂ ಇಲ್ಲ. ಅವನು ಬಾಲ್ಕನಿ ಬಾಗಿಲ ಕಡೆ ತಿರುಗಿ ನೋಡ್ತಾನೆ, ಯಾರಾದ್ರೂ ಕೇಳಿಸಿಕೊಂಡಾರು ಅಂತ. ಅನ್ನಾ ಮಗ ಸೆರ್ಯೋಜಾ ಎದುರಿಗಿದ್ದರೆ ಇಬ್ಬರೂ ಎಲ್ಲರ ಮುಂದೆ ಆಡಬಹುದಾದ ಮಾತನ್ನೇ ಆಡ್ತಾರೆ. ಅವನಲ್ಲಿ ಇರೋದು ಭಯ ಮತ್ತು ಎಚ್ಚರ, ಸಂಕೋಚ ಅಲ್ಲ. ಆ ಎಚ್ಚರಕ್ಕೆ ಅವನ ವರ್ಗದವರ ಕೈಯಲ್ಲಿ ಒಂದು ಸಾಧನ ಇತ್ತು, ಅವರು ಚಿಕ್ಕಂದಿನಿಂದ ಆಡ್ಕೊಂಡು ಬಂದ ಫ್ರೆಂಚು, ಅದನ್ನ ತೆಗೆದ್ರೆ ಆ ಸಮಾಜವೇ ಸನ್ನಿವೇಶದಿಂದ ಎದ್ದು ಹೋಗುತ್ತೆ.

ಅದೂ ಅಲ್ಲದೆ ಇದಕ್ಕೆ ಟಿಪ್ಪಣಿ ಬೇಕಾಗೇ ಇಲ್ಲ. ಇಂಗ್ಲಿಷಿನ ಅನುವಾದಕರಿಗೆ ಒಂದೇ ಸರ್ವನಾಮ ಇರೋದ್ರಿಂದ ಬಹುವಚನ, ಏಕವಚನ ಅಂತ ವಿವರಿಸಿ ಒದ್ದಾಡಬೇಕು. ನಮಗೆ 'ರಷ್ಯನ್ನಿನ ತಣ್ಣಗಿನ ನೀವು ಬೇಡ, ಅಪಾಯದ ನೀನು ಬೇಡ ಅಂತ ಯಾವಾಗಲೂ ಹೀಗೆ ಫ್ರೆಂಚಿನಲ್ಲೇ ಮಾತಾಡ್ತಿದ್ದ' ಅಂತ ಒಂದೇ ವಾಕ್ಯ ಸಾಕು. ಆದರೆ ಇಂಗ್ಲಿಷಿನಿಂದ ಕನ್ನಡಕ್ಕೆ ತರೋರು ಹುಷಾರಾಗಿರಬೇಕು, ಅಲ್ಲಿ ಎಲ್ಲಾ ಕಡೆ ಒಂದೇ ಥರ ಕಾಣುತ್ತೆ, ನಮ್ಮ ಕಿವಿಗೆ ಸರಿ ಅನ್ಸಿದ್ದನ್ನ ಹಾಕ್ತಾ ಹೋದ್ರೆ ಅನಾಹುತ.

ಆ ಅನಾಹುತ ಎಲ್ಲಿ ಆಗುತ್ತೆ ಅಂದ್ರೆ ಎರಡನೇ ಭಾಗದ 11ನೇ ಅಧ್ಯಾಯದಲ್ಲಿ, ಇಬ್ಬರೂ ಮೊದಲ ಸಲ ಒಂದಾದ ಮೇಲಿನ ಆ ಎರಡೇ ಪುಟ. ಅನ್ನಾ ಹೇಳ್ತಾಳೆ, 'ಎಲ್ಲಾ ಮುಗೀತು. ನಿನ್ನ ಬಿಟ್ಟು ನನಗೆ ಏನೂ ಇಲ್ಲ. ನೆನಪಿಟ್ಕೋ.' ರಷ್ಯನ್ನಲ್ಲಿ ಅದು ಏಕವಚನ. ಕನ್ನಡಕ್ಕೆ ಒಗ್ಗಿಸ್ತೀನಿ ಅಂತ ಹೊರಟವರ ಕಿವಿಗೆ ಹೆಂಗಸು ಗಂಡಸಿಗೆ ನೀವು ಅನ್ನೋದು, ಅವನು ಅವಳಿಗೆ ನೀನು ಅನ್ನೋದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ, 'ನಿಮ್ಮನ್ನ ಬಿಟ್ಟು ನನಗೆ ಯಾರಿದಾರೆ' ಅಂತ ಸಲೀಸಾಗಿ ಬಂದುಬಿಡುತ್ತೆ. ಕೇಳೋಕೆ ಎಷ್ಟು ಹಿತ! ಆದ್ರೆ ಅದು ಗಂಡನ ಕಾಲ ಹತ್ರ ಕೂತ ಹೆಂಡತಿಯ ಮಾತು. ಅನ್ನಾ ಅವಮಾನದಲ್ಲಿ ಕುಸಿದು ಹೋಗಿರ್ತಾಳೆ ನಿಜ, ಆದ್ರೂ ಆ ಮಾತಲ್ಲಿ ಅವಳು ವ್ರಾನ್ಸ್ಕಿಗೆ ಸರಿಸಮಳಾಗಿ ನಿಂತು ಅವನ ಮೇಲೆ ಭಾರ ಹೊರಿಸ್ತಿದಾಳೆ, ನೆನಪಿಟ್ಕೋ ಅಂತಿದಾಳೆ. ಹೆಣ್ಣಿನ ಬಾಯಲ್ಲಿ ಆ 'ನೀನು' ನಮ್ಮ ಕೆಲವು ಓದುಗರಿಗೆ ಒರಟಾಗಿ ಕೇಳಿಸಿದ್ರೆ ಕೇಳಿಸಲಿ.

ಇನ್ನೂ ಒಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಮೂರನೇ ಭಾಗದಲ್ಲಿ, ಹೆಂಡತಿ ಎಲ್ಲಾ ಒಪ್ಕೊಂಡ ಮೇಲೆ, ಅನ್ನಾ ಗಂಡ ಕರೆನಿನ್ ಅವಳಿಗೆ ಒಂದು ಪತ್ರ ಬರೀತಾನೆ. ಸಂಬೋಧನೆ ಇಲ್ಲ, ಫ್ರೆಂಚಿನಲ್ಲಿ ಬರೀತಾನೆ, ಬಹುವಚನ ಹಾಕ್ತಾನೆ, ಯಾಕಂದ್ರೆ ಆ ಬಹುವಚನಕ್ಕೆ ಫ್ರೆಂಚಿನಲ್ಲಿ ರಷ್ಯನ್ನಿನಷ್ಟು ತಣ್ಣಗಿನ ಗುಣ ಇಲ್ಲ ಅಂತ ಟಾಲ್‌ಸ್ಟಾಯ್ ಅಲ್ಲೂ ಬಿಡಿಸಿ ಹೇಳ್ತಾರೆ. ಅಂದ್ರೆ ಪ್ರೇಮಿ ಬಚ್ಚಿಟ್ಟುಕೊಂಡ ಅದೇ ಭಾಷೆಯೊಳಗೆ ಗಂಡನೂ ಬಂದು ಬಚ್ಚಿಟ್ಟುಕೊಳ್ತಾನೆ, ಮಧ್ಯದಲ್ಲಿ ಅನ್ನಾ ಇಬ್ಬರಿಂದಲೂ ಅದೇ ಎರವಲು ಸರ್ವನಾಮ ಕೇಳ್ತಾಳೆ. ಗಂಡನ ಪತ್ರದಲ್ಲಿ ಅನುವಾದಕರು ಫ್ರೆಂಚ್ ಉಳಿಸಲೇಬೇಕು, ಇಡೀ ಪತ್ರವನ್ನ 'ಹುಷಾರಿಲ್ವಾ' ಥರ ಸರ್ವನಾಮ ಇಲ್ಲದೇ ಎಳೆಯೋಕಾಗಲ್ಲ. ಆಗ ಜಗಲಿಯಲ್ಲಿ ಫ್ರೆಂಚ್ ಅಳಿಸಿದ್ದ ಅನುವಾದ ಓದ್ತಿರೋರಿಗೆ ಗಂಡ ಒಬ್ಬನೇ ಫ್ರೆಂಚ್ ಹಿಡಿದ ಬಿಗಿ ಮನುಷ್ಯನಾಗಿ, ವ್ರಾನ್ಸ್ಕಿ ನಮ್ಮ ಪಕ್ಕದ ಬೀದಿಯ ಹುಡುಗನಾಗಿ ಕಾಣ್ತಾನೆ. ಅವರಿಬ್ಬರೂ ಒಂದೇ ಲೋಕದವರು ಅನ್ನೋದು ಆ ಅನುವಾದದಲ್ಲಿ ಮತ್ತೆ ಎಲ್ಲೂ ಸಿಗಲ್ಲ.