ಸ್ಪಷ್ಟನೆ: ಸಾವಿರ ಸಲ ರೀಟ್ರೈ ಬೇಡ

"ಎಸ್‌ಕ್ಯೂಎಸ್‌ನಲ್ಲಿ `maxReceiveCount` 1000 ಇಡಿ, ಮೆಸೇಜ್ ಕಳೆದುಹೋಗುವುದಿಲ್ಲ."

ಉಡುಪಿಯ ಡೆವಲಪರ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಸಾಲು ನಾನೇ ಬರೆದದ್ದು. ತಪ್ಪು. ಮಲ್ಪೆಯ ಮೀನಿನ ಬಿಲ್ಲಿಂಗ್ ಕ್ಯೂಗೆ ತೂಕದ ಜಾಗದಲ್ಲಿ "ಎರಡು ಬುಟ್ಟಿ" ಎಂದು ಬಂದ ಮೆಸೇಜ್ ಎಷ್ಟು ಸಲ ಓದಿದರೂ ಸಂಖ್ಯೆಯಾಗುವುದಿಲ್ಲ. ವಿಸಿಬಿಲಿಟಿ ಟೈಮ್‌ಔಟ್ 30 ಸೆಕೆಂಡಾದರೆ ಸಾವಿರ ಸಲಕ್ಕೆ ಎಂಟು ಗಂಟೆಗೂ ಹೆಚ್ಚು ಕಾಲ ಲಾಗ್ ತುಂಬ ಅದೇ ಎರರ್ (ನಾನೇ ನೋಡುತ್ತಾ ಕೂತಿದ್ದೆ). 5 ಸಲ ಸಾಕು, ಆಮೇಲೆ ಅದು ಡೆಡ್ ಲೆಟರ್ ಕ್ಯೂ ಸೇರಲಿ. ಡೇಟಾಬೇಸ್ ಕೆಲ ನಿಮಿಷ ಕೈಕೊಟ್ಟರೆ ಒಳ್ಳೆಯ ಮೆಸೇಜೂ ಅಲ್ಲಿಗೇ ಹೋಗುತ್ತದೆ, ರೀಡ್ರೈವ್ ಮಾಡಿ ವಾಪಸ್ ತರಬಹುದು.

ಆದರೆ ಸ್ಟ್ಯಾಂಡರ್ಡ್ ಕ್ಯೂನಲ್ಲಿ ಮೆಸೇಜಿನ ವಯಸ್ಸು ಡೆಡ್ ಲೆಟರ್ ಕ್ಯೂಗೆ ಬಂದಾಗಿನಿಂದಲ್ಲ, ಮೂಲ ಕ್ಯೂಗೆ ಮೊದಲು ಸೇರಿದ ಕ್ಷಣದಿಂದಲೇ ಲೆಕ್ಕ ಎನ್ನುತ್ತದೆ ಎಡಬ್ಲ್ಯೂಎಸ್ ದಾಖಲೆ. ಹಾಗಾಗಿ ಡೆಡ್ ಲೆಟರ್ ಕ್ಯೂನ ರಿಟೆನ್ಷನ್ 14 ದಿನ ಇಡಿ. ನನ್ನ ಹಳೆಯ ಸಾಲನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.