ನಾನು ಬರೆದದ್ದು 'ಸುತ್ತ'. 'ಸುತ' ಅಲ್ಲ!

ಇನ್ನೂ ಕೈ ನಡುಗುತ್ತಿದೆ. ಸಭೆಯಲ್ಲಿ ನಾನು ಮಾಡಿದ ಡೆಂಗಿ ಪೋಸ್ಟರ್ ಪರದೆ ಮೇಲೆ ಬಂತು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಜೋರಾಗಿ ಓದಿದರು: 'ಮನೆ ಸುತ ನೀರು ನಿಲದಂತೆ ನೋಡಿ'. ಓದಿ ನಿಲ್ಲಿಸಿದರು. 'ಮನೆ ಸುತ ಅಂದ್ರೆ ಯಾರಪ್ಪಾ, ಮನೆ ಮಗನಾ?' ಎಂದರು. ಇಡೀ ಹಾಲ್ ನಕ್ಕಿತು. ಸಾಹೇಬರು ನನ್ನ ಕಡೆ ತಿರುಗಿ 'ಕನ್ನಡ ಬರಲ್ವೇನ್ರೀ ನಿಮಗೆ?' ಎಂದರು. ಎಲ್ಲರೆದುರು. ನನಗೆ! ಮಾತೇ ಬರಲಿಲ್ಲ.

ಒತ್ತಕ್ಷರ ನಾನು ಬಿಟ್ಟಿರಲಿಲ್ಲ. ಅದು ಕೆಳಗಿನ ನೀಲಿ ಪಟ್ಟಿಯ ಹಿಂದೆ ಹೋಗಿ ಕೂತಿತ್ತು. ನನಗೆ ಕೊಟ್ಟ ಟೆಂಪ್ಲೇಟಿನಲ್ಲಿ ಆ ಜಾಗದಲ್ಲಿ ಇದ್ದದ್ದು ಇಂಗ್ಲಿಷ್ ದೊಡ್ಡಕ್ಷರಗಳ ಎರಡೇ ಪದ. ಅವುಗಳ ಕೆಳಗೆ ಏನೂ ಇಳಿಯುವುದಿಲ್ಲ. ಹಾಗಾಗಿ ಪಟ್ಟಿಯನ್ನು ಅಕ್ಷರದ ಬುಡಕ್ಕೇ ಅಂಟಿಸಿ ಇಟ್ಟಿದ್ದಾರೆ. ನಮ್ಮ ತ್ತ, ಲ್ಲ ಎಲ್ಲಿಗೆ ಹೋಗಬೇಕು?

ಅದಕ್ಕಿಂತ ಕೋಪ ಬರೋದು ಪವರ್‌ಪಾಯಿಂಟಿನ Shrink text on overflow ಮೇಲೆ. ಸಾಲು ಉದ್ದವಾಯಿತು, ಬಾಕ್ಸಿನಲ್ಲಿ ಹಿಡಿಯಲಿಲ್ಲ. ಅದು ತಾನಾಗಿ ಅಕ್ಷರ ಕುಗ್ಗಿಸಿತು. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಸಾಲುಗಳ ನಡುವಿನ ಅಂತರವನ್ನೂ ಶೇ. 20ರವರೆಗೆ ತಿಂದು ಹಾಕುತ್ತದೆ. ಮೊದಲೇ 0.9 ಇತ್ತು, 0.7ಕ್ಕೆ ಇಳಿಯಿತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ. ಅದೂ ಒಂದೊಂದು ಬಾಕ್ಸನ್ನು ಒಂದೊಂದು ಥರ ಕುಗ್ಗಿಸುತ್ತದೆ. ಪಕ್ಕದ ಬಾಕ್ಸಿನಲ್ಲಿ 24 ಪಾಯಿಂಟ್, ಇದರಲ್ಲಿ 15.

ಹಿಂದಿನ ರಾತ್ರಿ ಯಾರೋ 'ಅಕ್ಷರ ಹತ್ತಿರ ಮಾಡಿ, ಹಿಡಿಯುತ್ತೆ' ಎಂದರು. Character Spacing ಅನ್ನು Tight ಮಾಡಿದೆ. 'ತೊಟ್ಟಿ ಮುಚ್ಚಿಟ್ಟಿರಿ' ಎಂಬಲ್ಲಿ ಚ್ಚಿಯ ಒತ್ತು, ಟ್ಟಿಯ ಒತ್ತು ಒಂದಕ್ಕೊಂದು ಮೆತ್ತಿಕೊಂಡವು. ಇಂಗ್ಲಿಷಿನ ಅಕ್ಷರ ಪಕ್ಕಪಕ್ಕದಲ್ಲಿ ಮಾತ್ರ ತಾಗುತ್ತವೆ. ನಮ್ಮದು ಕೆಳಗೂ ತಾಗುತ್ತವೆ. ತಕ್ಷಣ Normal ಮಾಡಿದೆ. ಅದೊಂದನ್ನಾದರೂ ನೋಡಿದ್ದೆ. ಪಟ್ಟಿಯನ್ನು ನೋಡಲಿಲ್ಲ.

ಇನ್ನು ಮೇಲೆ ಟೆಂಪ್ಲೇಟ್ ಮುಟ್ಟುವುದೇ ಇಲ್ಲ. ಹಾಗೆ ಹೇಳಿದರೆ ಯಾರು ಕೇಳುತ್ತಾರೆ, ಸೋಮವಾರ ಮತ್ತೊಂದು ಕೊಡುತ್ತಾರೆ. ನಾನೇ ಮಾಡಬೇಕು. ಈಗ ಕೂತು ಸರಿ ಮಾಡಿದೆ. ಎಲ್ಲ ಬಾಕ್ಸಿಗೂ Do not Autofit. ಅಕ್ಷರ ಎಲ್ಲದಕ್ಕೂ 18. ಸಾಲುಗಳ ಅಂತರ 1.2. ಪಟ್ಟಿಯನ್ನು ಕೆಳಗೆ ಜರುಗಿಸಿದೆ. ಮೊದಲು ಪ್ರತಿ ಬಾಕ್ಸಿನ ಕೊನೆ ಸಾಲಿನಲ್ಲಿ 'ರಾಷ್ಟ್ರ' ಎಂದು ಬರೆದು ನೋಡಿದೆ. ಎರಡು ಒತ್ತು ಇರುವ ಆ ಪದ ಪೂರ್ತಿ ಕಂಡರೆ ಉಳಿದದ್ದೂ ಕಾಣುತ್ತದೆ. ಹಿಡಿಯದ ಕಡೆ ಮಾತನ್ನೇ ಕಡಿದೆ: 'ಮನೆ ಸುತ್ತ ನೀರು ನಿಲ್ಲಬಾರದು'. ಹತ್ತು ನಿಮಿಷದ ಕೆಲಸ.

ಆದರೆ ಹಾಲ್‌ನಲ್ಲಿ ನಕ್ಕವರಿಗೆ ಇದನ್ನೆಲ್ಲ ಹೇಗೆ ತೋರಿಸಲಿ? ಅವರ ಕಣ್ಣಿಗೆ ನಾನು ಒತ್ತು ಬರೆಯಲು ಬಾರದವಳು. ಕನ್ನಡದಲ್ಲೇ ಅಳತೆ ಹಾಕಿದ ಒಂದು ಒಳ್ಳೆ ಟೆಂಪ್ಲೇಟ್ ಯಾರ ಹತ್ತಿರವಾದರೂ ಇದೆಯಾ? ದಯವಿಟ್ಟು ಹೇಳಿ. ಸೋಮವಾರದೊಳಗೆ ಬೇಕು.